ಆಫೀಸ್ ಸಿಟ್ಟು ಮನೆಗೆ ಬರ್ತಿದೆ, ಏನ್ ಮಾಡ್ಲಿ?

ಪ್ರಶ್ನೆ: "ಮೈಸೂರಿನ ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ, ಮನೆ ಕುವೆಂಪುನಗರ. ಮ್ಯಾನೇಜರ್ ಬೈದ ದಿನ ಮನೆಗ್ ಬಂದು ಹೆಂಡ್ತಿ ಮಗನ ಮೇಲೆ ರೇಗಾಡ್ತೀನಿ."

ಬಹುಶಃ ಸಿಟ್ಟು ಆರೋಕೆ ನಡುವೆ ಗ್ಯಾಪೇ ಸಿಗ್ತಿಲ್ಲ, ಬೈಕಲ್ಲಿ ಬರ್ತಾ ದಾರಿಯುದ್ದಕ್ಕೂ 'ನಾನ್ ಹಿಂಗ್ ಹೇಳ್ಬೇಕಿತ್ತು' ಅಂತ ಮನಸಲ್ಲೇ ಜಗಳ ಮುಂದುವರಿತಿರತ್ತೆ, ಹೊಟ್ಟೆನೂ ಖಾಲಿ, ಆಮೇಲೆ ಮಗ ಹೋಮ್‌ವರ್ಕ್ ತಂದ ತಕ್ಷಣ ಸಿಡಿಯತ್ತೆ.

ಬೈಕ್ ಸ್ಟಾರ್ಟ್ ಮಾಡೋ ಮುಂಚೆ, ಪಾರ್ಕಿಂಗಲ್ಲೇ, ಆ ವಿಷಯಕ್ಕೆ ನಾಳೆ ಮಾಡೋ ಮೊದಲ ಕೆಲಸ ಏನು ಅಂತ ಫೋನಲ್ಲಿ ಒಂದು ಸಾಲು ಬರ್ಕೊಳಿ. 'ಮ್ಯಾನೇಜರ್ ಸರಿ ಇಲ್ಲ' ಅಂತ ಬರೆದ್ರೆ ಉಪಯೋಗ ಇಲ್ಲ, 'ಬೆಳಿಗ್ಗೆ ಹತ್ತಕ್ಕೆ ಡಿಸ್ಪ್ಯಾಚ್ ಲಿಸ್ಟ್ ತಗೊಂಡು ಹೋಗಿ ಕೂತು ಮಾತಾಡೋದು' ಅನ್ನೋ ಥರ ಇರ್ಬೇಕು. ಅರ್ಧಕ್ಕೆ ನಿಂತ ಕೆಲಸಕ್ಕೆ ಒಂದು ಪ್ಲಾನ್ ಸಿಕ್ರೆ ತಲೆ ಅದನ್ನ ತಿರುಗಿಸಿ ತಿರುಗಿಸಿ ಹಾಕೋದು ಕಮ್ಮಿ ಆಗತ್ತೆ.

ಆಮೇಲೆ ಕುಕ್ಕರಹಳ್ಳಿ ಕೆರೆ ಹತ್ರ ನಿಲ್ಸಿ, ಏನಾದ್ರೂ ತಿಂದು, ಹತ್ತು ಹದಿನೈದು ನಿಮಿಷ ನಡೀರಿ. ಆ ಹೊತ್ತಲ್ಲಿ ಫ್ರೆಂಡ್‌ಗೆ ಫೋನ್ ಮಾಡಿ ಮ್ಯಾನೇಜರ್‌ನ ಬೈಯೋದು ಬೇಡ, ಬೈದ್ರೆ ಹಗುರ ಆಗತ್ತೆ ಅಂತಾರೆ, ಆದ್ರೆ ಸಿಟ್ಟು ಇನ್ನೂ ಬಿಸಿಯಾಗೇ ಉಳಿಯತ್ತೆ.

ಬಾಗಿಲಲ್ಲೇ ಹೆಂಡ್ತಿಗೆ ಹೇಳ್ಬಿಡಿ, 'ಇವತ್ತು ತಲೆ ಕೆಟ್ಟಿದೆ ಕಣೇ, ನಿಮ್ ಮೇಲಲ್ಲ, ಸ್ನಾನ ಮಾಡ್ಕೊಂಡ್ ಬರ್ತೀನಿ'. ಬಂದ್ಮೇಲೆ ನೀವೇ ಮಗನ ಹತ್ರ ಹೋಗಿ, ಇಲ್ಲಾಂದ್ರೆ ಇದು ತಪ್ಪಿಸ್ಕೊಳ್ಳೋ ನೆಪ ಆಗ್ಬಿಡತ್ತೆ.

ಬೈಸ್ಕೊಳ್ಳದ ದಿನಾನೂ ಇದನ್ನೇ ಮಾಡಿ, ಆಗ್ಲೇ ಅಭ್ಯಾಸ ಆಗೋದು. ಭಾನುವಾರನೂ ಹಿಂಗೇ ರೇಗ್ತಿದ್ರೆ ಕಾರಣ ಬರೀ ಆಫೀಸ್ ಇರ್ಲಿಕ್ಕಿಲ್ಲ. ಆಗ, ಅಥವಾ ಕೈ ಎತ್ತೋ ಮಟ್ಟಕ್ಕೆ ಹೋದ್ರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.