ಕಲ್ಲಿಗೆ ಹೆದರಿ ಮಜ್ಜಿಗೆ ಬಿಟ್ಟವರಿಗೆ

ಪ್ರಶ್ನೆ: ಬದಿಯಡ್ಕದ ಹತ್ತಿರ ಅಡಿಕೆ ತೋಟ ಇದೆ, ವಯಸ್ಸು 42. ಎರಡು ವರ್ಷದ ಹಿಂದೆ ಮೂತ್ರದಲ್ಲಿ ಹೋದ ಕಲ್ಲು ಕ್ಯಾಲ್ಸಿಯಂ ಆಕ್ಸಲೇಟ್ ಅಂತ ವರದಿ ಬಂತು. ಅಂದಿನಿಂದ ಹಾಲು, ಮಜ್ಜಿಗೆ ಮುಟ್ಟಿಲ್ಲ. ಯಾರೋ ಹೇಳಿದರೆಂದು ಬೆಳಗ್ಗೆ ಬಿಂಬುಳಿ ರಸ ಕುಡಿಯುತ್ತೇನೆ. ಈಗ ಮತ್ತೊಂದು ಕಲ್ಲು. ಇಡೀ ದಿನದ ಮೂತ್ರ ಪರೀಕ್ಷೆಯಲ್ಲಿ ಮೂತ್ರ 1.1 ಲೀಟರ್, ಕ್ಯಾಲ್ಸಿಯಂ 210 ಮಿ.ಗ್ರಾಂ, ಆಕ್ಸಲೇಟ್ 58 ಮಿ.ಗ್ರಾಂ. ಇನ್ನೇನು ಬಿಡಬೇಕು ಡಾಕ್ಟ್ರೇ?

ಉತ್ತರ: ಬಿಂಬುಳಿ ರಸ ಬಿಡಿ, ಇವತ್ತೇ. ಅದರಲ್ಲಿರುವುದು ಆಕ್ಸಾಲಿಕ್ ಆಮ್ಲ. ಕೊಲೆಸ್ಟ್ರಾಲ್ ಇಳಿಯುತ್ತದೆಂದು ಅದರ ರಸ ಕುಡಿದು, ಕಿಡ್ನಿಯಲ್ಲಿ ಆಕ್ಸಲೇಟ್ ತುಂಬಿ ಡಯಾಲಿಸಿಸ್‌ವರೆಗೆ ಹೋದವರ ವಿವರ ಕೇರಳದಿಂದಲೇ ಪ್ರಕಟವಾಗಿದೆ. ಮೀನು ಸಾರಿಗೆ ಎರಡು ಬಿಂಬುಳಿ ಹಾಕಿದರೆ ಚಿಂತೆಯಿಲ್ಲ, ಲೋಟಗಟ್ಟಲೆ ರಸ ಬೇರೆ ಮಾತು. ಈ ವಾರವೇ ರಕ್ತದ ಕ್ರಿಯೇಟಿನಿನ್ ನೋಡಿಸಿ. ಮೂತ್ರ ಕಡಿಮೆಯಾಗಿ ವಾಂತಿ ಶುರುವಾದರೆ ವಾರ ಕಾಯಬೇಡಿ.

ಇನ್ನು ನಿಮ್ಮ ವರದಿ. ಕ್ಯಾಲ್ಸಿಯಂ ಮಿತಿಯೊಳಗೇ ಇದೆ. ಆಕ್ಸಲೇಟ್ 40ರ ಆಸುಪಾಸಿನಲ್ಲಿ ನಿಲ್ಲಬೇಕಿತ್ತು, ನಿಮ್ಮದು ದಾಟಿದೆ. ಬಿಂಬುಳಿಯ ಜೊತೆಗೆ ನಿಮ್ಮ ಪಥ್ಯಕ್ಕೂ ಇದರಲ್ಲಿ ಪಾಲಿದೆ. ಹರಿವೆ, ಬಸಳೆಯಲ್ಲಿ ಬರುವ ಆಕ್ಸಲೇಟನ್ನು ಊಟದಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲೇ ಹಿಡಿದು ಮಲದಲ್ಲಿ ಹೊರಗೆ ಹಾಕುತ್ತದೆ. ಮಜ್ಜಿಗೆ ನಿಲ್ಲಿಸಿದಿರಿ, ಹಿಡಿಯುವವರಿಲ್ಲದ ಆಕ್ಸಲೇಟ್ ರಕ್ತ ಸೇರಿ ಕಿಡ್ನಿಗೆ ಬಂತು. ಇಟಲಿಯಲ್ಲಿ ಕಲ್ಲು ಮರುಕಳಿಸುವ ಗಂಡಸರನ್ನು ಐದು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಕ್ಯಾಲ್ಸಿಯಂ ಕಡಿಮೆ ಮಾಡಿದವರಿಗಿಂತ, ಮಾಮೂಲಿ ಕ್ಯಾಲ್ಸಿಯಂ ತಿಂದು ಉಪ್ಪು ಮತ್ತು ಮಾಂಸ ಮಿತಗೊಳಿಸಿದವರಲ್ಲಿ ಕಲ್ಲು ಮತ್ತೆ ಬಂದದ್ದು ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ. ಇಷ್ಟಾದರೂ ಹಾಲು ಬಿಡಿ ಎನ್ನುವವರು ನಮ್ಮಲ್ಲಿ ಕಡಿಮೆಯಾಗಿಲ್ಲ, ಅವರಲ್ಲಿ ಬಿಳಿಕೋಟು ಹಾಕಿದವರೂ ಇದ್ದಾರೆ.

ಇದೇ ಜಾತಿಯ ಕಲ್ಲು ಯಾಕೆ ಇಷ್ಟು ಜನರಿಗೆ ಎಂದು ಬಹಳ ಮಂದಿ ಬರೆಯುತ್ತಾರೆ. ಯೂರಿಕ್ ಆಮ್ಲದ ಕಲ್ಲಿಗೆ ಮೂತ್ರ ಹುಳಿಯಾಗಿರಬೇಕು. ಕ್ಯಾಲ್ಸಿಯಂ ಫಾಸ್ಫೇಟಿಗೆ ಅದು ಕ್ಷಾರದ ಕಡೆ ವಾಲಿರಬೇಕು. ಸೋಂಕಿನ ಕಲ್ಲಿಗೆ ಒಂದು ಬಗೆಯ ಬ್ಯಾಕ್ಟೀರಿಯಾ ಬೇಕು. ಕ್ಯಾಲ್ಸಿಯಂ ಆಕ್ಸಲೇಟಿಗೆ ಇಂಥ ಷರತ್ತಿಲ್ಲ. ಮೂತ್ರ ಹುಳಿಯಿರಲಿ ಇಲ್ಲದಿರಲಿ, ಅದು ಕರಗುವುದು ಕಡಿಮೆಯೇ. ಆಕ್ಸಲೇಟನ್ನು ಒಡೆಯುವ ಕಿಣ್ವ ನಮ್ಮ ದೇಹದಲ್ಲಿಲ್ಲ. ಯಕೃತ್ತು ದಿನವೂ ಒಂದಿಷ್ಟು ತಯಾರಿಸುತ್ತದೆ, ಅದಷ್ಟೂ ಹೋಗಬೇಕಾದ್ದು ಕಿಡ್ನಿಯ ದಾರಿಯಲ್ಲೇ. ಹಾಗಾಗಿ ಆರೋಗ್ಯವಂತರ ಮೂತ್ರದಲ್ಲೂ ಅದು ಹರಳುಗಟ್ಟುವ ಅಂಚಿನಲ್ಲೇ ಇರುತ್ತದೆ. ಮೂತ್ರದಲ್ಲಿರುವ ಸಿಟ್ರೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ, ಹರಳು ಹುಟ್ಟಿದರೂ ಬೆಳೆಯುವ ಮೊದಲೇ ಕೊಚ್ಚಿ ಹೋಗುವುದರಿಂದ ಎಲ್ಲರಿಗೂ ಕಲ್ಲಾಗುವುದಿಲ್ಲ. ಕೆಲವರ ಕಿಡ್ನಿಯ ಒಳತುದಿಯಲ್ಲಿ ಕ್ಯಾಲ್ಸಿಯಂ ಫಾಸ್ಫೇಟಿನ ಸಣ್ಣ ಪದರ ಇರುತ್ತದೆ. ಅಮೆರಿಕದ ಮೂತ್ರರೋಗ ತಜ್ಞ ಅಲೆಕ್ಸಾಂಡರ್ ರಾಂಡಾಲ್ 1930ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಹರಳು ಅಲ್ಲಿ ಅಂಟಿ ಕೂತರೆ ಪದರದ ಮೇಲೆ ಪದರ ಬೆಳೆಯಲು ಬೇಕಾದಷ್ಟು ಸಮಯ ಸಿಕ್ಕಿತು.

ಈಗ ಆ 1.1 ಲೀಟರ್ ನೋಡಿ. ಅದು 2.2 ಆದರೆ ಕ್ಯಾಲ್ಸಿಯಂ ಅರ್ಧ ತೆಳುವಾಗುತ್ತದೆ, ಆಕ್ಸಲೇಟೂ ಅರ್ಧ. ಹರಳುಗಟ್ಟುವುದು ಇವೆರಡರ ಗುಣಲಬ್ಧದ ಮೇಲೆ ನಿಂತಿರುವುದರಿಂದ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ನಾನು ಬರೆಯುವ ಯಾವ ಮಾತ್ರೆಯೂ ಇಷ್ಟು ಮಾಡುವುದಿಲ್ಲ. ಕುಡಿದದ್ದನ್ನು ಲೆಕ್ಕ ಹಾಕಬೇಡಿ, ಮಾರ್ಚ್ ತಿಂಗಳ ಬಿಸಿಲಲ್ಲಿ ಅರ್ಧ ಬೆವರಾಗಿ ಹೋಗುತ್ತದೆ. ಒಂದು ರಜಾದಿನ ಮೂತ್ರವನ್ನೇ ಅಳೆಯಿರಿ, ಎರಡರಿಂದ ಎರಡೂವರೆ ಲೀಟರ್ ಆಗಬೇಕು. ಮಲಗುವ ಮುಂಚೆಯೂ ಒಂದು ಲೋಟ ನೀರು. ಮಜ್ಜಿಗೆ ಊಟದ ಜೊತೆಗೇ ಇರಲಿ, ಖಾಲಿ ಹೊಟ್ಟೆಗೆ ಕ್ಯಾಲ್ಸಿಯಂ ಮಾತ್ರೆ ನುಂಗುವುದು ಅದಕ್ಕೆ ಬದಲಿಯಲ್ಲ. ಗಂಜಿಗೆ ಉಪ್ಪಿನಕಾಯಿ, ಮೇಲೆ ಹಪ್ಪಳ, ಮಳೆಗಾಲದಲ್ಲಿ ಉಪ್ಪುಸೊಳೆ ಎಂದರೆ ಉಪ್ಪು ಹೊರಹೋಗುವಾಗ ಕ್ಯಾಲ್ಸಿಯಂ ಅನ್ನೂ ಮೂತ್ರಕ್ಕೆ ಎಳೆದು ತರುತ್ತದೆ. ಸಿಟ್ರೇಟ್ ಎಷ್ಟೆಂದು ನೀವು ಬರೆದಿಲ್ಲ, ಕಡಿಮೆಯಿದ್ದರೆ ಔಷಧಿ ಬೇಕಾಗಬಹುದು. ಎರಡು ತಿಂಗಳು ಹೀಗೆ ನಡೆದು ಪರೀಕ್ಷೆ ಮತ್ತೆ ಮಾಡಿಸಿ.

ಪ್ರಶ್ನೆ: ಬೋರ್‌ವೆಲ್ ನೀರು ಕುದಿಸಿದರೆ ಪಾತ್ರೆಯಲ್ಲಿ ಬಿಳಿ ಕೂರುತ್ತದೆ. ಕಿಡ್ನಿಯಲ್ಲೂ ಅದೇ ಅಲ್ಲವೇ?

ಉತ್ತರ: ಅಲ್ಲ. ಪಾತ್ರೆಯದ್ದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಆ ಭಯಕ್ಕೆ ನೀರು ಕಡಿಮೆ ಕುಡಿದರೆ ಕಲ್ಲು ಖಂಡಿತ ಹತ್ತಿರವಾಗುತ್ತದೆ.

ಪ್ರಶ್ನೆ: ಒಬ್ಬರು ಕೊಡುವ ಪುಡಿಯಿಂದ ನನ್ನ 4 ಮಿ.ಮೀ. ಕಲ್ಲು ಕರಗಿತು. ನೀವೇಕೆ ಅದನ್ನು ಒಪ್ಪುವುದಿಲ್ಲ?

ಉತ್ತರ: ಆ ಗಾತ್ರದವು ಹೆಚ್ಚಾಗಿ ತಾವೇ ಜಾರಿಹೋಗುತ್ತವೆ. ಕ್ಯಾಲ್ಸಿಯಂ ಆಕ್ಸಲೇಟನ್ನು ಕರಗಿಸುವ ಔಷಧಿ ನನ್ನ ಬಳಿಯೂ ಇಲ್ಲ, ಅವರ ಬಳಿಯೂ ಇಲ್ಲ.

ಪ್ರಶ್ನೆ: ಬಾಳೆದಿಂಡಿನ ರಸ?

ಉತ್ತರ: ನೀರೆಂದು ಕುಡಿಯಿರಿ. ಆದರೆ ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ ರಸ ಹಿಂಡುತ್ತಾ ಕೂರಬೇಡಿ. ದಾರಿ ಕಟ್ಟಿದ ಕಿಡ್ನಿಯಲ್ಲಿ ಸೋಂಕಾದರೆ ಆ ರಾತ್ರಿಯೇ ಆಸ್ಪತ್ರೆ ಸೇರಬೇಕು.