ಟೆಸ್ಟ್ ನಡೆಯುವಾಗಲೇ ಪ್ರಶ್ನೆಯ ಫೋಟೊ ಕಳಿಸುವುದು

ಪ್ರಶ್ನೆ: ಮೇಲ್ವಿಚಾರಕರು ಇರುವ ಗಣಿತ ಟೆಸ್ಟ್‌ನಲ್ಲಿ ಪ್ರಶ್ನೆಯ ಫೋಟೊ ಕಳಿಸಿ ಗೆಳೆಯರಿಂದ ಉತ್ತರ ತರಿಸಿಕೊಂಡರೆ ನನಗೇನು ನಷ್ಟ? ಅಂಕ ಬರುತ್ತದಲ್ವಾ?

ಉತ್ತರ: ಬರುತ್ತದೆ. ಆದರೆ ನಿಮ್ಮ ತಪ್ಪು ಎಲ್ಲಿದೆ ಅನ್ನುವುದು ಮುಚ್ಚಿಹೋಗುತ್ತದೆ. ಹಾಳೆಯಲ್ಲಿರುವುದು ನಿಮ್ಮ ತಲೆಯಿಂದಲೇ ಬಂದಿದ್ದು ಎಂಬ ಖಾತ್ರಿಗಾಗಿಯೇ ಅಲ್ಲಿ ಮೇಲ್ವಿಚಾರಕರು ಇರುವುದು.

ಒಂದು ಲೆಕ್ಕ ನೋಡಿ. 500 ರೂಪಾಯಿಯ ಅಂಗಿಯ ಬೆಲೆ ಶೇ. 20 ಏರಿತು, ಆಮೇಲೆ ಶೇ. 20 ಇಳಿಯಿತು. ಈಗ ಎಷ್ಟು? ಸುಮಾರು ಮಕ್ಕಳು 500 ಎಂದು ಬರೆಯುತ್ತಾರೆ. ಏರಿದ್ದು 500ರ ಮೇಲೆ, ಅಂದರೆ 100 ರೂಪಾಯಿ. ಇಳಿದಿದ್ದು 600ರ ಮೇಲೆ, ಅಂದರೆ 120. ಸರಿ ಉತ್ತರ 480.

ನೀವು 500 ಎಂದು ಬರೆದಿದ್ದರೆ, ಎರಡನೇ ಸಲವೂ ಹಳೇ ಬೆಲೆಗೇ ಶೇಕಡ ಹಾಕಿದ್ದೀರಿ ಎಂದು ಮೇಷ್ಟ್ರಿಗೆ ತಕ್ಷಣ ತಿಳಿಯುತ್ತದೆ. ಐದು ನಿಮಿಷದಲ್ಲಿ ಅದನ್ನು ತಿದ್ದಬಹುದು. ಗೆಳೆಯ ಕಳಿಸಿದ 480 ಬರೆದರೆ ಅವರು ಸುಮ್ನೆ ಮುಂದಿನ ಪಾಠಕ್ಕೆ ಹೋಗುತ್ತಾರೆ. ಚಕ್ರಬಡ್ಡಿಯಲ್ಲಿ ಪ್ರತಿ ವರ್ಷ ಅಸಲು ಬದಲಾಗುತ್ತದೆ. ಅಲ್ಲಿ ಅದೇ ತಪ್ಪು ಮತ್ತೆ ಬರುತ್ತದೆ, ಜಾಸ್ತಿ ಅಂಕವನ್ನೂ ತಿನ್ನುತ್ತದೆ.

ನೆನಪಿನ ನಷ್ಟವೂ ಇದೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಓದಿದವರಿಗಿಂತ ನೆನಪಿನಿಂದ ಬರೆದವರಿಗೆ ವಾರದ ನಂತರ ಹೆಚ್ಚು ನೆನಪಿತ್ತು. ಟೆಸ್ಟ್‌ನಲ್ಲಿ ತಿಣುಕಾಡುವ ಆ ಹತ್ತು ನಿಮಿಷ ನಿಜಕ್ಕೂ ಕಲಿಕೆಯೇ. ಫೋಟೊ ಅದನ್ನೇ ಕಿತ್ತುಕೊಳ್ಳುತ್ತದೆ.

ಟೆಸ್ಟ್ ಮುಗಿದ ಮೇಲೆ ಗೆಳೆಯರನ್ನು ಧಾರಾಳವಾಗಿ ಕೇಳಿ. ಆಮೇಲೆ 800 ರೂಪಾಯಿಗೆ ಶೇ. 25 ಏರಿಸಿ, ಶೇ. 25 ಇಳಿಸಿ, ಒಬ್ಬರೇ ಮಾಡಿ ನೋಡಿ. 750 ಬಂದರೆ ವಿಷಯ ಹಿಡಿದಿದ್ದೀರಿ.