ಖಾಯಂ ಅಂಗಡಿಯವರಿಗೆ ಸಿ.ಡಿ. ಕೊಟ್ಟರೂ ಯಾಕೆ ತಗೊಳ್ಳಲ್ಲ?

ಪ್ರಶ್ನೆ: ಶಿವಮೊಗ್ಗದಲ್ಲಿ ಪಿವಿಸಿ ಪೈಪು, ಫಿಟಿಂಗ್ಸ್ ಹೋಲ್‌ಸೇಲ್ ನಮ್ಮದು. ತೀರ್ಥಹಳ್ಳಿ, ಹೊಸನಗರ, ಸಾಗರದ ಖಾಯಂ ಅಂಗಡಿಗಳಿಗೆ 30 ದಿನ ಉದ್ರಿ ಕೊಡ್ತೀವಿ. "10 ದಿನದೊಳಗೆ ಕೊಟ್ಟರೆ 2% ಸಿ.ಡಿ.", ಅಂದರೆ ಕ್ಯಾಶ್ ಡಿಸ್ಕೌಂಟ್, ಅಂತ ಬಿಲ್ಲಿನ ಕೆಳಗೆ ಹಾಕಿಸಿದ್ದೀವಿ, ಯಾರೂ ಕ್ಯಾರೇ ಅಂತಿಲ್ಲ. ಎಷ್ಟು ಉಳಿಯುತ್ತೆ ಅಂತ ಅವರಿಗೆ ಥಟ್ಟನೆ ಹೊಳೆಯೋ ಹಾಗೆ ಹೇಳೋದು ಹೇಗೆ?

ಉತ್ತರ:

ಅಂಗಡಿಯವರು ಶೇಕಡಾ ಲೆಕ್ಕದಲ್ಲಿ ಯೋಚಿಸುವುದಿಲ್ಲ. ಅವರ ತಲೆಯಲ್ಲಿ ಓಡುವುದು ರೂಪಾಯಿ, ಬಡ್ಡಿಯಾದರೆ "ನೂರಕ್ಕೆ ತಿಂಗಳಿಗೆ ಎಷ್ಟು". ಹಾಗಾಗಿ 2% ಅನ್ನೋದನ್ನು ಬಿಟ್ಟು ಆ ಬಿಲ್ಲಿಗೆ ಎಷ್ಟು ರೂಪಾಯಿ ಉಳಿಯುತ್ತದೆ ಅಂತ ಬರೆಯಿರಿ. "10 ದಿನದೊಳಗೆ" ಅನ್ನುವ ಬದಲು ತಾರೀಕು, ವಾರ ಎರಡನ್ನೂ ಹಾಕಿ. 10 ದಿನ ಅಂದರೆ ಬಿಲ್ಲಿನ ದಿನದಿಂದಲೋ ಲಾರಿ ಇಳಿದ ದಿನದಿಂದಲೋ ಅನ್ನುವ ತಕರಾರು ಅಲ್ಲಿಗೇ ಮುಗಿಯುತ್ತದೆ.

ಒಂದು ಬಿಲ್ಲು ಹಿಡಿದು ನೋಡೋಣ. ಮಾಲಿನ ಬೆಲೆ ₹50,000, ಪಿವಿಸಿ ಪೈಪಿಗೆ ಜಿಎಸ್‌ಟಿ 18% ಅಂದರೆ ₹9,000, ಒಟ್ಟು ₹59,000. ಸಿ.ಡಿ.ಯನ್ನು ಮಾಲಿನ ಬೆಲೆಯ ಮೇಲೆ ಮಾತ್ರ ಹಾಕಿ, ₹1,000 ಆಗುತ್ತದೆ. ಒಟ್ಟು ಮೊತ್ತದ ಮೇಲೆ ಹಾಕಿದರೆ ₹1,180. ಇದನ್ನು ಮೊದಲೇ ಹೇಳದೆ ಹೋದರೆ ಅವರು ₹1,180 ಕಡಿದು ಕಳಿಸುತ್ತಾರೆ, ಆ ₹180ಕ್ಕೆ ಆರು ತಿಂಗಳು ಮಾತಾಗುತ್ತದೆ. ಬಿಲ್ಲಿನ ಜೊತೆ ವಾಟ್ಸಾಪಿನಲ್ಲಿ ಇಷ್ಟು ಹೋದರೆ ಸಾಕು:

"ಬಿಲ್ ನಂ. 412, ತಾ. 12-1. ಒಟ್ಟು ₹59,000.
22-1 ಗುರುವಾರದೊಳಗೆ ನಮ್ಮ ಖಾತೆಗೆ ಬಂದರೆ ₹58,000 ಸಾಕು. ನಿಮಗೆ ₹1,000 ಉಳಿಯಿತು.
ಆಮೇಲೆ 11-2ರ ತನಕ ಪೂರ್ತಿ ₹59,000."

ಮೂರೇ ಸಾಲು. ಕಳಿಸಬೇಕಾದ ಮೊತ್ತವನ್ನು ನೀವೇ ಲೆಕ್ಕ ಹಾಕಿ ಬರೆದಿರುವುದು ಇಲ್ಲಿ ಮುಖ್ಯ. ಅಂಗಡಿಯವರು ಆ ₹58,000 ಅನ್ನೇ ನೋಡಿ ಯುಪಿಐಯಲ್ಲೋ ನೆಫ್ಟ್‌ನಲ್ಲೋ ಹೊಡೆಯುತ್ತಾರೆ, ಕ್ಯಾಲ್ಕುಲೇಟರ್ ಹಿಡಿಯುವ ಕೆಲಸ ಇರುವುದಿಲ್ಲ. "ಖಾತೆಗೆ ಬಂದರೆ" ಅನ್ನುವ ಮಾತನ್ನೂ ಬಿಡಬೇಡಿ. ಇಲ್ಲದಿದ್ದರೆ 22ನೇ ತಾರೀಕು ಹಾಕಿದ ಚೆಕ್ಕು 27ಕ್ಕೆ ನಿಮ್ಮ ಲೈನ್ ಹುಡುಗನ ಕೈಗೆ ಬರುತ್ತದೆ, ಅವರು "ತಾರೀಕು ಸರಿಯಾಗೇ ಇದೆಯಲ್ಲ" ಅನ್ನುತ್ತಾರೆ. 21ನೇ ತಾರೀಕು ಬೆಳಿಗ್ಗೆ "ನಾಳೆ ಕೊನೆ ದಿನ, ₹58,000" ಅಂತ ಇನ್ನೊಂದು ಸಾಲು ಕಳಿಸಿ. ಸಿ.ಡಿ. ತಪ್ಪುವುದು ಹೆಚ್ಚಾಗಿ ಮರೆವಿನಿಂದ.

ಮುಂದಿನ ಮಾತು ಗಿರಾಕಿ ಎದುರಿಗೆ ಕೂತಾಗ ಹೇಳಬೇಕಾದ್ದು. "ಕೈಯಲ್ಲಿ ದುಡ್ಡಿಲ್ಲ ಮಾರಾಯ್ರೇ" ಅನ್ನುವವರಿಗೆ ಈ ಲೆಕ್ಕ ತೋರಿಸಿ. 10ನೇ ದಿನಕ್ಕೂ 30ನೇ ದಿನಕ್ಕೂ ನಡುವೆ ಇರುವುದು 20 ದಿನ. ಅವರ ಬ್ಯಾಂಕ್ ಓವರ್‌ಡ್ರಾಫ್ಟ್, ಅಂದರೆ ಓ.ಡಿ. ಬಡ್ಡಿ ವರ್ಷಕ್ಕೆ 12% ಇದ್ದರೆ ₹58,000ಕ್ಕೆ 20 ದಿನದ ಬಡ್ಡಿ ಸುಮಾರು ₹381. ಓ.ಡಿ.ಯಿಂದ ತೆಗೆದು ನಿಮಗೆ ಕೊಟ್ಟರೂ ₹1,000ದಲ್ಲಿ ₹381 ಹೋಗಿ ₹619 ಅವರಿಗೇ ಉಳಿಯಿತು. ಓ.ಡಿ. ಇಲ್ಲದೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಲ್ಲಿ ಕೈಸಾಲ ತರುವವರಿಗೆ 20 ದಿನಕ್ಕೆ ₹773 ಬಡ್ಡಿ, ಆಗಲೂ ₹227 ಉಳಿಯುತ್ತದೆ. ನೂರಕ್ಕೆ ಮೂರು ರೂಪಾಯಿ ಆದರೆ ಬಡ್ಡಿಯೇ ₹1,160, ಅಲ್ಲಿ ನಷ್ಟ. ನೂರಕ್ಕೆ ಎರಡೂವರೆ ರೂಪಾಯಿ ತನಕ ಸಾಲ ಮಾಡಿ ಕೊಟ್ಟರೂ ಅಡ್ಡಿಯಿಲ್ಲ, ಅದರ ಮೇಲೆ ಬೇಡ ಅಂತ ನೀವೇ ಹೇಳಿಬಿಡಿ. ಹೀಗೆ ಹೇಳಿದರೆ ಉಳಿದ ಲೆಕ್ಕವನ್ನೂ ಅವರು ನಂಬುತ್ತಾರೆ.

ಇಷ್ಟೆಲ್ಲ ಮಾಡಿದರೂ ಯಾರೂ ತಗೊಳ್ಳದಿದ್ದರೆ ತೊಂದರೆ ನಿಮ್ಮ 30 ದಿನದಲ್ಲೇ ಇದೆ ಅಂತ ಅರ್ಥ. ಕಾಗದದ ಮೇಲೆ 30 ದಿನ ಅಂತಿದ್ದು, ಗಿರಾಕಿ 60ನೇ ದಿನಕ್ಕೆ ಕೊಟ್ಟರೂ ನೀವು ಸುಮ್ಮನೆ ಮಾಲು ಕಳಿಸುತ್ತಿದ್ದರೆ, ಅವರು ತೂಗಿ ನೋಡುವುದು 10 ದಿನವನ್ನೂ 60 ದಿನವನ್ನೂ. ಅಂದರೆ 50 ದಿನದ ಪುಕ್ಕಟೆ ದುಡ್ಡು ಬಿಡಬೇಕು. ನೂರಕ್ಕೆ ಎರಡು ರೂಪಾಯಿಯಂತೆ ₹58,000ಕ್ಕೆ 50 ದಿನದ ಬಡ್ಡಿ ₹1,933 ಆಗುತ್ತದೆ, ನೀವು ಬಿಡುತ್ತಿರುವುದು ₹1,000. ಓ.ಡಿ. ಇರುವವರಿಗೂ ₹953 ಬಡ್ಡಿ ಕಳೆದು ಸಿಗುವುದು ₹47, ಅಷ್ಟಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಅವರು ಲೆಕ್ಕ ಸರಿಯಾಗೇ ಹಾಕಿದ್ದಾರೆ.

ಹಾಗಾಗಿ ಮೊದಲು 30ನೇ ದಿನಕ್ಕೆ ಬೆಲೆ ಬರಬೇಕು. ಜಗಳ ಆಡಬೇಕಿಲ್ಲ. 30 ದಿನ ದಾಟಿದ ಬಿಲ್ಲು ಇದ್ದರೆ ಹೊಸ ಲೋಡ್ ಅದು ಚುಕ್ತಾ ಆದ ಮೇಲೇ ಹೊರಡುತ್ತದೆ, ಹಳೇ ಬಾಕಿ ಇರುವವರಿಗೆ ಹೊಸ ಬಿಲ್ಲಿನ ಸಿ.ಡಿ. ಇಲ್ಲ, ಇವೆರಡು ನಿಯಮ ಸಾಕು. ಎರಡನೆಯದು ಬೇಕೇ ಬೇಕು. ಇಲ್ಲದಿದ್ದರೆ ಡಿಸೆಂಬರಿನ ಬಾಕಿ ಹಾಗೇ ಬಿಟ್ಟು ಜನವರಿ ಬಿಲ್ಲಿಗೆ ಮಾತ್ರ ದುಡ್ಡು ಕಳಿಸಿ ಸಿ.ಡಿ. ಹೊಡೆದುಕೊಳ್ಳುತ್ತಾರೆ, ನಿಮ್ಮ ಒಟ್ಟು ಬಾಕಿ ಒಂದು ರೂಪಾಯಿಯೂ ಇಳಿದಿರುವುದಿಲ್ಲ. ಅರ್ಧ ದುಡ್ಡು ಕೊಟ್ಟು ಅರ್ಧ ಸಿ.ಡಿ. ಕೇಳುವವರೂ ಇರುತ್ತಾರೆ. ಪೂರ್ತಿ ಬಿಲ್ಲು ಬಂದರೆ ಮಾತ್ರ ಅನ್ನಿ. 14ನೇ ದಿನ ಕಳಿಸಿ "ಅಡ್ಜಸ್ಟ್ ಮಾಡ್ಕಳಿ" ಅನ್ನುವವರಿಗೆ ಒಮ್ಮೆ ಬಿಟ್ಟರೆ ನಿಮ್ಮ ಸಿ.ಡಿ. 14 ದಿನದ್ದಾಯಿತು. ಆ ಸುದ್ದಿ ಆಗುಂಬೆ ತನಕ ಮುಟ್ಟಲು ವಾರ ಬೇಡ.

ಕಾಲವನ್ನೂ ನೋಡಿಕೊಳ್ಳಿ. ನಿಮ್ಮ ಗಿರಾಕಿಗಳು ಪೈಪು ಕೊಡುವುದು ಅಡಿಕೆ ತೋಟದವರಿಗೆ. ಮಳೆ ನಿಂತು ತೋಟಕ್ಕೆ ನೀರು ಹಾಯಿಸುವ ತಯಾರಿ ಶುರುವಾಗುವ ನವೆಂಬರಿನಲ್ಲಿ ಪೈಪು ಹೋಗುತ್ತದೆ, ಆದರೆ ಆಗ ತೋಟದವರ ಅಡಿಕೆ ಇನ್ನೂ ಕೊಯ್ಲು, ಬೇಯಿಸುವುದು, ಒಣಗಿಸುವುದರಲ್ಲೇ ಇರುತ್ತದೆ. ಅಂಗಡಿಯವರ ದುಡ್ಡೆಲ್ಲ ಉದ್ರಿ ಪುಸ್ತಕದಲ್ಲಿ ಕೂತಿರುತ್ತದೆ. ಮಂಡಿಯಿಂದ ದುಡ್ಡು ಬರಲು ಶುರುವಾಗುವುದು ಹೆಚ್ಚಾಗಿ ಜನವರಿಯಿಂದ ಆಚೆ. ನವೆಂಬರಿನಲ್ಲಿ ಆಫರ್ ಬಿಟ್ಟರೆ "ಇದು ನಮ್ಮಂಥವರಿಗಲ್ಲ" ಅಂತ ಒಮ್ಮೆ ಮನಸ್ಸಿಗೆ ಬಂದುಬಿಡುತ್ತದೆ, ಆಮೇಲೆ ಓದುವುದೇ ಇಲ್ಲ. ಮೇಲಿನ ಬಿಲ್ಲಿಗೆ ಜನವರಿ ತಾರೀಕು ಹಾಕಿದ್ದು ಅದಕ್ಕೇ.

ಇನ್ನು ನಿಮ್ಮ ಕಡೆಯ ಲೆಕ್ಕ. ನೀವು ಕೇಳಿಲ್ಲ, ಆದರೆ ಇದನ್ನು ನೋಡದೆ ಬೋರ್ಡ್ ಹಾಕಬೇಡಿ. ನಿಮ್ಮ ಓ.ಡಿ. 11% ಅಂತಿಟ್ಟುಕೊಂಡರೆ ₹58,000 ಇಪ್ಪತ್ತು ದಿನ ಮೊದಲೇ ಬಂದಿದ್ದಕ್ಕೆ ಉಳಿಯುವ ಬಡ್ಡಿ ₹350. ಅದಕ್ಕೆ ₹1,000 ಬಿಡುತ್ತಿದ್ದೀರಿ. ₹50,000ದ ಮಾಲಿನಲ್ಲಿ 8% ಮಾರ್ಜಿನ್ ಅಂದರೆ ₹4,000, ಅದರಲ್ಲಿ ಕಾಲು ಭಾಗ ಹೋಯಿತು. ಈಗಾಗಲೇ ಎಂಟು ಹತ್ತು ದಿನದಲ್ಲಿ ಕೊಡುವ ಒಳ್ಳೆ ಗಿರಾಕಿಗಳೂ ₹1,000 ಕೇಳುತ್ತಾರೆ, ಅವರಿಂದ ನಿಮಗೆ ಹೊಸದಾಗಿ ಏನೂ ಬರುವುದಿಲ್ಲ. ಹಾಗಾದರೆ ಯಾವಾಗ ಗಿಟ್ಟುತ್ತದೆ? ಓ.ಡಿ. ಲಿಮಿಟ್ ತುಂಬಿ, ದುಡ್ಡಿಲ್ಲದೆ ಪೈಪ್ ಕಂಪನಿಯವರು ಕೊಡುವ ಸಿ.ಡಿ. ನಿಮ್ಮ ಕೈತಪ್ಪುತ್ತಿದ್ದರೆ ಗಿಟ್ಟುತ್ತದೆ. ₹46,000ದ ಖರೀದಿಗೆ ಕಂಪನಿ 2% ಬಿಟ್ಟರೂ ₹920 ಆಯಿತು, ಹೆಚ್ಚುಕಮ್ಮಿ ನೀವು ಬಿಟ್ಟದ್ದು ವಾಪಸ್. ಇಲ್ಲವೇ ಗಿರಾಕಿ 30 ಅಂತ ಹೇಳಿ 70, 80 ದಿನಕ್ಕೆ ಕೊಡುವವರಾಗಿದ್ದರೆ ಗಿಟ್ಟುತ್ತದೆ. ಎರಡೂ ಅಲ್ಲದಿದ್ದರೆ ನನ್ನ ಪ್ರಕಾರ 1.5% ಸಾಕು: ₹750. ಓ.ಡಿ. ಇರುವವರಿಗೆ ಆಗಲೂ ₹367 ಉಳಿಯುತ್ತದೆ. ಕೈಸಾಲದವರಿಗೆ ಮಾತ್ರ ₹27 ಕೈಯಿಂದ ಹೋಗುತ್ತದೆ, ಅವರು ಬರುವುದಿಲ್ಲ ಅಂತ ಗೊತ್ತಿಟ್ಟುಕೊಂಡೇ ಮಾಡಿ. 1% ಅಂದರೆ ಓ.ಡಿ.ಯವರಿಗೂ ₹115 ಉಳಿಯುತ್ತದೆ ಅಷ್ಟೇ, ಅದನ್ನು ಯಾವ ಅಕ್ಷರದಲ್ಲಿ ಬರೆದರೂ ದೊಡ್ಡದಾಗಿ ಕಾಣುವುದಿಲ್ಲ.

ಜಿಎಸ್‌ಟಿ ವಿಷಯ ಚಿಕ್ಕದು, ಆದರೆ ಎಡವುವುದು ಅಲ್ಲೇ. ಬಿಲ್ಲಿನಲ್ಲೇ ₹1,000 ಕಳೆದು ಕೊಡಬೇಡಿ. ಅವರು ಹೊತ್ತಿಗೆ ಕೊಡದಿದ್ದರೆ ಜಿಎಸ್‌ಟಿ ಸೇರಿಸಿ ಡೆಬಿಟ್ ನೋಟ್ ಮಾಡಬೇಕಾಗುತ್ತದೆ, ಅದನ್ನು ಒಪ್ಪಿಸುವಷ್ಟರಲ್ಲಿ ಸಂಬಂಧ ಹಳಸುತ್ತದೆ. ಬಿಲ್ಲು ಪೂರ್ತಿ ₹59,000ಕ್ಕೇ ಇರಲಿ, ದುಡ್ಡು ಬಂದ ಮೇಲೆ ತೆರಿಗೆ ಮುಟ್ಟದೆ ₹1,000ಕ್ಕೆ ಕಮರ್ಷಿಯಲ್ ಕ್ರೆಡಿಟ್ ನೋಟ್ ಕೊಡಿ. ನೀವು ಕಟ್ಟುವ ₹9,000 ಕಮ್ಮಿಯಾಗುವುದಿಲ್ಲ, ಅಂಗಡಿಯವರೂ ₹9,000 ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಐಟಿಸಿ ಪೂರ್ತಿ ಇಟ್ಟುಕೊಳ್ಳಬಹುದು. ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿ, "ಸಿ.ಡಿ. ತಗೊಂಡರೆ ಐಟಿಸಿ ಹೋಗುತ್ತೆ" ಅಂತ ಹೆದರಿ ಬಿಡುವವರಿದ್ದಾರೆ. ತೆರಿಗೆಯನ್ನೂ ಇಳಿಸಬೇಕಾದರೆ 15(3)ನೇ ಸೆಕ್ಷನ್ನಿನ ಷರತ್ತುಗಳನ್ನು ಪಾಲಿಸಬೇಕು, ಅವರು ₹180 ಐಟಿಸಿ ವಾಪಸ್ ಮಾಡಬೇಕು. ಈ ಮೊತ್ತಕ್ಕೆ ಅಷ್ಟು ಗೋಳು ಬೇಡ.

ಕೊನೆಗೆ ಟ್ಯಾಲಿ. ರಸೀದಿ ಹಾಕುವಾಗ ₹58,000 ಅನ್ನು Agst Ref ಮಾಡಿ 412ನೇ ಬಿಲ್ಲಿಗೇ ಹೊಂದಿಸಿ, ₹1,000ದ ಕ್ರೆಡಿಟ್ ನೋಟನ್ನೂ ಅದೇ ಬಿಲ್ಲಿಗೆ ಹೊಂದಿಸಬೇಕು. On Account ಹಾಕಿಬಿಟ್ಟರೆ ಆ ಬಿಲ್ಲು ಬಾಕಿ ಪಟ್ಟಿಯಲ್ಲಿ ಹಾಗೇ ಕೂರುತ್ತದೆ. ಕ್ರೆಡಿಟ್ ನೋಟ್ ಮರೆತರೆ ₹1,000 ನಿಲ್ಲುತ್ತದೆ, ಮುಂದಿನ ತಿಂಗಳು ಅದೇ ಪಟ್ಟಿ ಹಿಡಿದು ಹೋದ ಲೈನ್ ಹುಡುಗ ಹೇಳಿದ ದಿನಕ್ಕೆ ದುಡ್ಡು ಕೊಟ್ಟ ಅಂಗಡಿಯವರ ಹತ್ತಿರವೇ "ಒಂದು ಸಾವಿರ ಬಾಕಿ ಇದೆ ಅಣ್ಣಾ" ಅಂತ ಕೇಳುತ್ತಾನೆ. ದುಡ್ಡು ಬಂದ ದಿನವೇ ಕ್ರೆಡಿಟ್ ನೋಟ್ ಮಾಡಿ ಅದರ ಫೋಟೋವನ್ನು ಅದೇ ವಾಟ್ಸಾಪಿಗೆ ಹಾಕಿ.